ಗೂಡುದೀಪದ ಡ್ರಾಯಿಂಗ್ ಲೇಸರ್‌ಗೆ ಹೋಗುವ ಮೊದಲು

ಈ ಸಲದ ಗೂಡುದೀಪ ಬಿದಿರಿನ ಕಡ್ಡಿಯದ್ದಲ್ಲ, ಎಂಡಿಎಫ್‌ನದ್ದು. ನಾಲ್ಕು ಫಲಕ, ಮೇಲೊಂದು ತಟ್ಟೆ, ಕೆಳಗೆ ಬಲ್ಬ್ ಬದಲಿಸಲು ಖಾಲಿ. ಪ್ರತಿ ಫಲಕ 150 ಮಿ.ಮೀ. ಅಗಲ, 220 ಎತ್ತರ. ಫಲಕಗಳ ಅಂಚಿನಲ್ಲಿ ಹಲ್ಲು ಮತ್ತು ಕಚ್ಚು ಇದ್ದು, ಒಂದರೊಳಗೊಂದು ಕೂರುತ್ತವೆ. 220ನ್ನು 11 ಭಾಗ ಮಾಡಿದರೆ ಒಂದೊಂದು ಹಲ್ಲು ಸರಿಯಾಗಿ 20 ಮಿ.ಮೀ. ಬರುತ್ತದೆ. ಬೆಸ ಸಂಖ್ಯೆ ಬೇಕೆಂದೇ 11 ಇಟ್ಟದ್ದು. ಮುಂದಿನ ಫಲಕದ ಮೇಲೂ ಕೆಳಗೂ ಹಲ್ಲೇ ಬರುತ್ತದೆ, ಪಕ್ಕದ ಫಲಕದ ಎರಡೂ ಕಡೆ ಕಚ್ಚು ಬರುತ್ತದೆ. ಹಾಗಾಗಿ ತಲೆಕೆಳಗಾಗಿ ಇಟ್ಟರೂ ಕೂರುತ್ತದೆ.

ಡ್ರಾಯಿಂಗ್ ಮಾಡಿಕೊಟ್ಟವರು ಮಣಿಪಾಲದಲ್ಲಿರುವ ನಮ್ಮ ಭಾವ. ಅವರದ್ದು ಮನೆ ಪ್ಲಾನ್ ಹಾಕುವ ಕೆಲಸ, ಆಟೊಕ್ಯಾಡ್‌ನಲ್ಲಿ ಕೈ ಪಳಗಿದೆ. ಕಾಗದದ ಮೇಲೆ ಪ್ರಿಂಟ್ ತೆಗೆದರೆ ಒಂದು ತಪ್ಪು ಕಾಣುವುದಿಲ್ಲ. ಅದನ್ನೇ ಬೈಕಂಪಾಡಿಯ ಲೇಸರ್ ಅಂಗಡಿಗೆ ಕಳುಹಿಸಿದೆವು. ಅಂಗಡಿಯ ಅಣ್ಣ ಫೋನ್ ಮಾಡಿದರು.

"ನಿಮ್ಮ ಫೈಲ್‌ನಲ್ಲಿ ಗೆರೆ ಮೇಲೆ ಗೆರೆ ಉಂಟು ಮಾರಾಯ್ರೆ. ಹೀಗೇ ಹಾಕಿದ್ರೆ ಅಂಚೆಲ್ಲ ಕರಂಚಿ ಹೋಗ್ತದೆ. ಕರ್ಫ್ ಹಾಕ್ಲಿಕ್ಕೂ ಆಗುದಿಲ್ಲ, ಲೂಪ್ ಕ್ಲೋಸ್ ಇಲ್ಲ. ಸರಿ ಮಾಡಿ ಕಳ್ಸಿ."

ಪ್ರಿಂಟರ್‌ಗೆ ಒಂದೇ ಜಾಗದಲ್ಲಿ ಎರಡು ಗೆರೆ ಇದ್ದರೆ ಏನೂ ಅನಿಸುವುದಿಲ್ಲ. ಲೇಸರ್ ಹಾಗಲ್ಲ. ಫೈಲ್‌ನಲ್ಲಿ ಎಷ್ಟು ಗೆರೆ ಇದೆಯೋ ಅಷ್ಟು ಸಲ ಓಡುತ್ತದೆ. ಎರಡನೇ ಸಲ ಓಡುವಾಗ ಮೊದಲೇ ಕತ್ತರಿಸಿದ ಜಾಗದಲ್ಲಿ ಮತ್ತೆ ಬೆಂಕಿ ಬೀಳುತ್ತದೆ. ಅಂಚು ಕಪ್ಪಾಗುತ್ತದೆ, ಕೊಯ್ದ ಸಂದು ಅಗಲವಾಗುತ್ತದೆ. ಇನ್ನೊಂದು ಕಷ್ಟವೂ ಇದೆ. ಮೊದಲ ಓಟಕ್ಕೇ ತುಂಡು ಕಳಚಿ ಕೆಳಗಿನ ಜಾಲರಿಯ ಮೇಲೆ ವಾಲಿ ಕೂತಿರುತ್ತದೆ. ಎರಡನೇ ಓಟ ವಾಲಿದ ತುಂಡಿನ ಮೈಮೇಲೆ ಬಿದ್ದು ಅಲ್ಲೊಂದು ಬರೆ ಎಳೆಯುತ್ತದೆ. ಅಂಗಡಿಯವರು ಪ್ರಿವ್ಯೂ ನೋಡಿಯೇ ಇದನ್ನು ಹಿಡಿದರು: ತಲೆ ಒಂದು ಫಲಕ ಸುತ್ತಿ ಬಂದು ಅದೇ ದಾರಿಯಲ್ಲಿ ಮತ್ತೆ ಹೊರಡುತ್ತಿತ್ತು.

ಡಬಲ್ ಗೆರೆ ಅಳಿಸುವುದು ಮೊದಲ ಕೆಲಸವಲ್ಲ

ಆಟೊಕ್ಯಾಡ್‌ನಲ್ಲಿ ಇದಕ್ಕೆಂದೇ `OVERKILL` ಎಂಬ ಕಮಾಂಡ್ ಇದೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಅದನ್ನು ಓಡಿಸಿದರೆ ಆಯಿತು, ಅಲ್ವಾ? ಈ ಫೈಲ್‌ನಲ್ಲಿ ಹಾಗೆ ಮಾಡಿದ್ದರೆ ಕೆಲಸ ಇನ್ನೂ ಕೆಡುತ್ತಿತ್ತು.

ಭಾವ ನಾಲ್ಕು ಫಲಕಗಳನ್ನು ಬಿಚ್ಚಿಟ್ಟ ಡಬ್ಬಿಯ ಹಾಗೆ ಸಾಲಾಗಿ, ಒಂದಕ್ಕೊಂದು ತಾಗಿಸಿ ಇಟ್ಟಿದ್ದರು. ಒಂದರ ಹಲ್ಲು ಇನ್ನೊಂದರ ಕಚ್ಚಿನೊಳಗೆ ಕೂತಿತ್ತು. ಅಂದರೆ ಎರಡು ಫಲಕಗಳ ನಡುವಿನ ಅಂಕುಡೊಂಕು ಅಂಚು ಒಂದೇ ಜಾಗದಲ್ಲಿದೆ. ಅಲ್ಲಿ ಎರಡು ಗೆರೆ ಇರುವುದು ಸರಿಯೇ, ಯಾಕೆಂದರೆ ಒಂದು ಮೊದಲ ಫಲಕದ್ದು, ಇನ್ನೊಂದು ಎರಡನೆಯದ್ದು. `OVERKILL`ಗೆ ಇದು ಗೊತ್ತಾಗುವುದಿಲ್ಲ. ಒಂದನ್ನು ಅಳಿಸಿಬಿಡುತ್ತದೆ. ಉಳಿದ ಅಂಚು ಒಂದು ಫಲಕಕ್ಕೆ ಸೇರಿದರೆ ಪಕ್ಕದ್ದು ಒಂದು ಬದಿ ಇಲ್ಲದೆ ಬಾಯಿ ತೆರೆದು ನಿಲ್ಲುತ್ತದೆ. ಡಬಲ್ ಗೆರೆ ಹೋಯಿತು, ಆದರೆ ಲೂಪ್ ಒಡೆಯಿತು.

"ನಡುವಿನ ಗೆರೆ ಒಂದೇ ಇದ್ದರೆ ಒಳ್ಳೆಯದಲ್ವಾ, ಒಂದೇ ಕೊಯ್ತದಲ್ಲಿ ಎರಡು ಫಲಕ ಬೇರೆಯಾಗುತ್ತದೆ, ಸಮಯವೂ ಉಳಿಯುತ್ತದೆ" ಎಂದು ಭಾವ ಕೇಳಿದರು. ನೇರ ಅಂಚಿನ ಬಿಲ್ಲೆಗಳಾದರೆ ಹಾಗೆ ಮಾಡಬಹುದು, ಮಾಡುತ್ತಾರೆ ಕೂಡ. ಹಲ್ಲು ಕೂರಬೇಕಾದ ಕಡೆ ಬೇಡ. ಲೇಸರ್ ಕೊಯ್ಯುವಾಗ ಗೆರೆಯ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ಮರ ಸುಟ್ಟು ಹೋಗುತ್ತದೆ. ಆ ಸಂದಿಗೇ ಕರ್ಫ್ ಎನ್ನುವುದು. ನಮ್ಮ ಶೀಟ್‌ಗೆ ಅದು 0.19 ಮಿ.ಮೀ. ಬಂತು. ಹೇಗೆ ಅಳೆದದ್ದು ಎಂದು ಆಮೇಲೆ ಹೇಳುತ್ತೇನೆ. 20 ಮಿ.ಮೀ. ಹಲ್ಲಿನ ಎರಡು ಬದಿಯಿಂದಲೂ ಅರ್ಧರ್ಧ ಕರ್ಫ್ ಹೋಗಿ 19.81 ಉಳಿಯುತ್ತದೆ. ಎದುರಿನ ಕಚ್ಚು 20.19ಕ್ಕೆ ಅಗಲವಾಗುತ್ತದೆ. ಒಟ್ಟು 0.38 ಸಡಿಲ. ಕೈಯಲ್ಲಿ ಹಿಡಿದರೆ ಲಟಲಟ ಅಲ್ಲಾಡುವಷ್ಟು. ಇದನ್ನು ಸರಿದೂಗಿಸಬೇಕಾದರೆ ಹಲ್ಲಿನ ಗೆರೆ ಹೊರಗೆ ಸರಿಯಬೇಕು, ಕಚ್ಚಿನ ಗೆರೆ ಒಳಗೆ ಸರಿಯಬೇಕು. ಎರಡಕ್ಕೂ ಒಂದೇ ಗೆರೆ ಇದ್ದರೆ ಅದು ಎತ್ತ ಸರಿಯುವುದು?

ಹಾಗಾಗಿ ಕ್ರಮ ಹೀಗೆ: ಮೊದಲು ಫಲಕಗಳನ್ನು ದೂರ ಮಾಡುವುದು. ಆಮೇಲೆ ಡಬಲ್ ಗೆರೆ ತೆಗೆಯುವುದು. ಆಮೇಲೆ ಲೂಪ್ ಮುಚ್ಚುವುದು. ಕರ್ಫ್ ಎಲ್ಲಕ್ಕಿಂತ ಕೊನೆಗೆ.

ದೂರ ಮಾಡುವುದರಲ್ಲೂ ಒಂದು ಉಪಾಯ ಬೇಕು. ಇಡೀ ಡ್ರಾಯಿಂಗ್ ಬಿಡಿ ಬಿಡಿ ಗೆರೆಗಳಲ್ಲಿತ್ತು. ಒಂದರ ಮೇಲೊಂದಿರುವ ಗೆರೆಗಳಲ್ಲಿ ಯಾವುದು ಯಾವ ಫಲಕದ್ದು ಎಂದು ಹುಡುಕಿ ಹೆಕ್ಕುವುದು ತಲೆನೋವು. ಹೆಕ್ಕಬೇಕಾಗಿಯೇ ಇಲ್ಲ. ಎಡದಿಂದ ಬಲಕ್ಕೆ ಚೌಕ ಎಳೆದು ಸೆಲೆಕ್ಟ್ ಮಾಡಿದರೆ ಆಟೊಕ್ಯಾಡ್ ಪೂರ್ತಿ ಒಳಗಿರುವ ಗೆರೆಗಳನ್ನು ಮಾತ್ರ ಹಿಡಿಯುತ್ತದೆ. ಹಾಗೆ ಮೊದಲ ಫಲಕವನ್ನು ಹಿಡಿದೆ. ಅದರ ಬಲ ಅಂಚಿನ ಎರಡೂ ಪ್ರತಿ ಸೆಲೆಕ್ಷನ್‌ಗೆ ಬಂದವು, ಬರಲಿ. ಪಕ್ಕದ ಫಲಕದ ಅಡ್ಡ ಗೆರೆಗಳು ಚೌಕದಿಂದ ಹೊರಗೆ ಚಾಚಿರುವುದರಿಂದ ಅವು ಬರಲಿಲ್ಲ. ಇದನ್ನು `MOVE` ಅಲ್ಲ, `COPY` ಮಾಡಿ ಖಾಲಿ ಜಾಗದಲ್ಲಿಟ್ಟೆ. ಎರಡನೇ ಫಲಕಕ್ಕೂ ಹಾಗೆಯೇ. `MOVE` ಮಾಡಿದ್ದರೆ ನಡುವಿನ ಅಂಚಿನ ಎರಡೂ ಪ್ರತಿ ಮೊದಲ ಫಲಕದ ಜೊತೆ ಹೋಗಿ, ಎರಡನೆಯದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಮುಂದಿನ ಫಲಕ ಮತ್ತು ಹಿಂದಿನ ಫಲಕದ ಹೊರ ಆಕಾರ ಒಂದೇ. ಎರಡು ಪಕ್ಕದ ಫಲಕಗಳೂ ಒಂದೇ. ಆದ್ದರಿಂದ ಒಂದು ಮುಂದಿನದ್ದು, ಒಂದು ಪಕ್ಕದ್ದು, ಒಂದು ತಟ್ಟೆ ಇಷ್ಟನ್ನು ಮಾತ್ರ ಹೊರತೆಗೆದು ಹಳೆಯ ಸಾಲನ್ನು ಅಳಿಸಿಬಿಟ್ಟೆ. ಶುದ್ಧ ಮಾಡಿದ ಮೇಲೆ ಪ್ರತಿ ಮಾಡಿಕೊಂಡರಾಯಿತು.

ಈಗ ಅಳಿಸಬಹುದು

ಈಗ ಯಾವ ಗೆರೆಯೂ ಎರಡು ಫಲಕಗಳಿಗೆ ಸೇರಿದ್ದಲ್ಲ. ಮೇಲಿಂದ ಮೇಲೆ ಇರುವುದೆಲ್ಲ ಹೆಚ್ಚಿನದ್ದೇ. `OVERKILL` ಓಡಿಸಿದೆ. ಆಗ ಪರದೆಯಲ್ಲಿ ತೆರೆಯುವ ಡಬ್ಬಿಯಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಟಾಲರೆನ್ಸ್ ಸುಮ್ನೆ ಬಿಟ್ಟರೆ 0.000001 ಇರುತ್ತದೆ. ಅಷ್ಟು ಸೂಕ್ಷ್ಮಕ್ಕೆ 0.002 ಮಿ.ಮೀ. ಆಚೀಚೆ ಇರುವ ಎರಡು ಗೆರೆ ಬೇರೆ ಬೇರೆ ಎಂದೇ ಲೆಕ್ಕ. ನಾನು 0.01 ಹಾಕಿದೆ. ಕರ್ಫ್ 0.19 ಇರುವಲ್ಲಿ 0.01 ವ್ಯತ್ಯಾಸಕ್ಕೆ ಬೆಲೆಯಿಲ್ಲ.

ಎರಡನೆಯದು ಲೇಯರ್. ಮೇಲಿನ ತಟ್ಟೆ ಪೂರ್ತಿ ಎರಡು ಸಲ ಇತ್ತು, ಒಂದು ಕಪ್ಪು ಲೇಯರ್‌ನಲ್ಲಿ, ಇನ್ನೊಂದು ಅದರ ಮೇಲೆಯೇ ಕೆಂಪಿನಲ್ಲಿ. ಮೊದಲ ಸಲ ಓಡಿಸಿದಾಗ ಅದನ್ನು ಮುಟ್ಟಲೇ ಇಲ್ಲ. ಲೇಯರ್ ಬೇರೆಯಾದರೆ ಆಟೊಕ್ಯಾಡ್‌ಗೆ ಅದು ಡಬಲ್ ಅಲ್ಲ. ಯಾವ ಗುಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎನ್ನುವ ಪಟ್ಟಿಯಲ್ಲಿ `Layer`, `Color` ಎರಡಕ್ಕೂ ಟಿಕ್ ಹಾಕಿ ಮತ್ತೆ ಓಡಿಸಿದ ಮೇಲೆ ಹೋಯಿತು.

ಅಂಗಡಿಯವರು ಬಳಸುವ ಲೈಟ್‌ಬರ್ನ್‌ನಲ್ಲೂ `Delete Duplicates` ಇದೆ. ಅದು ಇಡೀ ಆಕಾರ ಇನ್ನೊಂದರ ತದ್ರೂಪವಾಗಿದ್ದರೆ ಮಾತ್ರ ಅಳಿಸುತ್ತದೆ. ತಟ್ಟೆಯ ಎರಡನೇ ಪ್ರತಿಯಂಥದ್ದಕ್ಕೆ ಸಾಕು. ಒಂದು ಉದ್ದ ಗೆರೆಯ ಮೇಲೆ ಇನ್ನೊಂದು ಗಿಡ್ಡ ಗೆರೆ ಮಲಗಿದ್ದರೆ ಅದಕ್ಕೆ ಕಾಣುವುದಿಲ್ಲ. ಕೊಯ್ಯುವ ಹೊತ್ತಿಗೆ ಒಂದರ ಮೇಲೊಂದಿರುವ ಭಾಗವನ್ನು ಬಿಟ್ಟು ಓಡಲು ಅದರಲ್ಲಿ `Remove overlapping lines` ಎಂಬ ಸೆಟ್ಟಿಂಗ್ ಬೇರೆ ಇದೆ. ಅದು ಇದೆ ಎಂದು ಫೈಲ್ ಹಾಗೇ ಕೊಡುವುದು ನನಗೆ ಒಗ್ಗುವುದಿಲ್ಲ. ಅದು ಕೊಯ್ಯುವ ದಾರಿಯನ್ನು ಸರಿಮಾಡುತ್ತದೆ, ಡ್ರಾಯಿಂಗನ್ನಲ್ಲ. ನಾಳೆ ಬೇರೆ ಅಂಗಡಿಗೆ ಕೊಟ್ಟರೆ ಅದೇ ರಗಳೆ.

ಇನ್ನು ಯಾವ ಕಮಾಂಡೂ ಸರಿಮಾಡದ ಒಂದು ಜಾಗ. ಫಲಕದ ಮೇಲಂಚಿನಲ್ಲಿ ತಟ್ಟೆಗೆ ಸಿಕ್ಕಿಸಲು 30 ಮಿ.ಮೀ. ಅಗಲದ ಎರಡು ಕಿವಿಗಳಿವೆ. ಭಾವ ಕಿವಿಯನ್ನು ಆಯತವಾಗಿ ಬರೆದು ಅಂಚಿನ ಮೇಲೆ ಕೂರಿಸಿದ್ದರು. ಆಯತದ ಕೆಳಗಿನ ಗೆರೆ ಫಲಕದ ಅಂಚಿನ ಮೇಲೆ ಬಿತ್ತು. `OVERKILL` ಎರಡನ್ನು ಸೇರಿಸಿ ಒಂದು ಮಾಡಿತು. ಆದರೆ ಅಲ್ಲಿ ಒಂದು ಗೆರೆಯೂ ಇರಬಾರದು! ಆ ಗೆರೆ ಉಳಿದರೆ ಲೇಸರ್ ಕಿವಿಯನ್ನು ಬುಡದಲ್ಲೇ ಕತ್ತರಿಸಿ ಹಾಕುತ್ತದೆ. ಪರದೆಯ ಮೇಲೆ ಅದು ಡಬಲ್ ಗೆರೆಯಂತೆ ಕಾಣುವುದೂ ಇಲ್ಲ, ಈಗ ಒಂದೇ ತಾನೇ. `TRIM` ತೆಗೆದುಕೊಂಡು ಕಿವಿಯ ಬುಡದ 30 ಮಿ.ಮೀ. ತುಂಡನ್ನು ಒಂದೊಂದಾಗಿ ತೆಗೆದೆ. ಫಲಕವನ್ನೂ ಕಿವಿಯನ್ನೂ `REGION` ಮಾಡಿ `UNION` ಕೊಟ್ಟರೂ ಆಗುತ್ತದೆ. ಕಿವಿ ತುಂಬಾ ಇದ್ದರೆ ಅದೇ ಸುಲಭ.

ಬಾಯಿ ತೆರೆದ ಮೂಲೆಗಳು

ಕಣ್ಣಿಗೆ ಕಾಣುವ ಮುಚ್ಚಿದ ಆಕಾರ ಮತ್ತು ಫೈಲ್‌ನಲ್ಲಿ ಮುಚ್ಚಿದ ಆಕಾರ ಬೇರೆ ಬೇರೆ. ಎಷ್ಟು ದೂರದಿಂದ ನೋಡಿದರೂ ಪರದೆಯ ಗೆರೆಯ ದಪ್ಪ ಅಷ್ಟೇ ಇರುತ್ತದೆ. 0.03 ಮಿ.ಮೀ. ಸಂದು ಆ ದಪ್ಪದೊಳಗೆ ಮುಚ್ಚಿಹೋಗುತ್ತದೆ. ಕೊಯ್ಯಲಿಕ್ಕೆ ಮಾತ್ರವಾದರೆ ಅಷ್ಟು ಸಂದು ತೊಂದರೆಯೂ ಕೊಡುವುದಿಲ್ಲ, ಕರ್ಫೇ ಅದಕ್ಕಿಂತ ಅಗಲ. ತೊಂದರೆ ಕರ್ಫ್ ಸರಿದೂಗಿಸುವಾಗ. ಮುಚ್ಚದ ಗೆರೆಗೆ ಒಳಗೆ ಹೊರಗೆ ಎಂಬುದಿಲ್ಲ. ಆದ್ದರಿಂದ ಲೈಟ್‌ಬರ್ನ್ ಮುಚ್ಚದ ಆಕಾರಕ್ಕೆ ಕರ್ಫ್ ಹಾಕುವುದೇ ಇಲ್ಲ, ಸುಮ್ಮನೆ ಇದ್ದ ಜಾಗದಲ್ಲೇ ಕೊಯ್ಯುತ್ತದೆ. ಐದು ತುಂಡುಗಳಲ್ಲಿ ನಾಲ್ಕು ಬಿಗಿಯಾಗಿ, ಒಂದು ಸಡಿಲವಾಗಿ ಬಂದರೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಮೂಲೆ ಮೂಲೆಗೆ ಜೂಮ್ ಮಾಡಿ ನೋಡುವ ತಾಳ್ಮೆ ನನಗಿಲ್ಲ. ಸರಿಯಾದ ಲೂಪ್‌ನಲ್ಲಿ ಪ್ರತಿ ಬಿಂದುವಿಗೆ ಎರಡೇ ಗೆರೆ ಬಂದು ಸೇರಬೇಕು. ಅದನ್ನು ಎಣಿಸಲು ಒಂದು ಚಿಕ್ಕ ಪೈಥಾನ್ ತುಂಡು ಸಾಕು. ಇದು ಬಿಡಿ ಗೆರೆಗಳಿರುವ ಡಿಎಕ್ಸ್‌ಎಫ್‌ಗೆ, ಅಂದರೆ ಪಾಲಿಲೈನ್ ಮಾಡುವ ಮೊದಲು ಓಡಿಸುವಂಥದ್ದು. ಬಿಲ್ಲು ಮತ್ತು ವೃತ್ತಗಳನ್ನು ಇದು ನೋಡುವುದಿಲ್ಲ. ನಮ್ಮ ಹಲ್ಲು, ಕಚ್ಚು, ಸ್ಲಾಟ್ ಎಲ್ಲ ನೇರ ಗೆರೆಯವೇ.

```python
import ezdxf
from collections import Counter

d = ezdxf.readfile("goodu.dxf")
c = Counter()
for e in d.modelspace().query("LINE"):
    for p in (e.dxf.start, e.dxf.end):
        c[round(p.x, 2), round(p.y, 2)] += 1
for p, n in c.items():
    if n != 2:
        print(p, n)
```

ಏನೂ ಬರೆಯದೆ ಮುಗಿದರೆ ಚೆನ್ನ. 1 ಬಂದರೆ ಆ ಬಿಂದುವಿನಲ್ಲಿ ಗೆರೆ ಒಂಟಿಯಾಗಿ ನಿಂತಿದೆ: ಒಂದೋ ಸಂದು ಇದೆ, ಇಲ್ಲವೇ ಇನ್ನೊಂದು ಗೆರೆಯ ನಡುಮಧ್ಯಕ್ಕೆ ಬಂದು ತಾಗಿದೆ. 3 ಅಥವಾ 4 ಬಂದರೆ ಅಲ್ಲಿ ಇನ್ನೂ ಹೆಚ್ಚಿನ ಗೆರೆ ಇದೆ. ಕಿವಿಯ ಬುಡ `TRIM` ಮಾಡುವ ಮೊದಲು ಪ್ರತಿ ಕಿವಿಯ ಬುಡದ ಎರಡೂ ಬಿಂದುಗಳಿಗೆ 1 ಬರುತ್ತಿತ್ತು. ಕಿವಿಯ ನಿಂತ ಗೆರೆ ಉದ್ದ ಅಂಚಿನ ನಡುವೆ ತಾಗಿ ನಿಂತದ್ದರ ಗುರುತು ಅದು. ತೆಗೆದ ಮೇಲೆ ಅವು ಪಟ್ಟಿಯಿಂದ ಮಾಯವಾದವು. ಒಂದು ಎಚ್ಚರಿಕೆ: ಎರಡು ದಶಮಾಂಶಕ್ಕೆ ದುಂಡು ಮಾಡುವುದರಿಂದ ಅಂಚಿನಲ್ಲಿರುವ ಸಂಖ್ಯೆ ಕೆಲವೊಮ್ಮೆ ಆಚೆ ಈಚೆ ಬಿದ್ದು, ಸರಿ ಇರುವ ಮೂಲೆಯೂ ಎರಡು ಒಂಟಿ ಬಿಂದುಗಳಾಗಿ ಪಟ್ಟಿಗೆ ಬರುತ್ತದೆ. ಅಂಥದ್ದು ಪಟ್ಟಿಯಲ್ಲಿ ಪಕ್ಕಪಕ್ಕದ ಅಂಕಿಗಳಾಗಿ ಕಾಣುವುದರಿಂದ ಗುರುತು ಹಿಡಿಯುವುದು ಕಷ್ಟವಲ್ಲ.

ಆಮೇಲೆ ಸೇರಿಸುವ ಕೆಲಸ. `PEDIT` ಕೊಟ್ಟು, `M` ಒತ್ತಿ, ಎಲ್ಲ ಗೆರೆ ಹಿಡಿದು ಪಾಲಿಲೈನ್ ಮಾಡಲು ಒಪ್ಪಿ, `J` ಒತ್ತಿದರೆ ಎಷ್ಟು ಸಂದಿನವರೆಗೆ ಸೇರಿಸಬಹುದು ಎಂದು ಕೇಳುತ್ತದೆ. 0.05 ಕೊಟ್ಟೆ. ಇಲ್ಲಿ ಧಾರಾಳವಾಗಿ ದೊಡ್ಡ ಅಂಕಿ ಕೊಡಬಾರದು. ತಟ್ಟೆಯ ಸ್ಲಾಟ್ 2.8 ಮಿ.ಮೀ. ಅಗಲ ಮಾತ್ರ. ಅದಕ್ಕಿಂತ ದೊಡ್ಡ ಅಂಕಿ ಕೊಟ್ಟರೆ ಸ್ಲಾಟ್‌ನ ಈಚೆ ಬದಿಯನ್ನು ಆಚೆ ಬದಿಗೆ ಜೋಡಿಸಿಬಿಟ್ಟೀತು.

ಸೇರಿತೋ ಇಲ್ಲವೋ ನೋಡಲು ನಾನು ನಂಬುವುದು ಎಣಿಕೆಯನ್ನು. ತಟ್ಟೆಯಲ್ಲಿ ಏನೇನಿರಬೇಕು? ಹೊರ ಅಂಚು ಒಂದು, ನಾಲ್ಕು ಫಲಕಗಳ ಎರಡೆರಡು ಕಿವಿಗೆ ಎಂಟು ಸ್ಲಾಟ್, ವೈರ್ ಹೋಗುವ ತೂತು ಒಂದು. ತೂತು ವೃತ್ತ, ಉಳಿದ 9 ಪಾಲಿಲೈನ್. ತಟ್ಟೆಯನ್ನು ಪೂರ್ತಿ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ಪಟ್ಟಿಯ ತಲೆಯಲ್ಲಿ ನೋಡಿದರೆ ಪಾಲಿಲೈನ್ 11 ಎಂದು ತೋರಿಸಿತು. ಎರಡು ಹೆಚ್ಚು. ಒಂದು ಸ್ಲಾಟ್ ಎರಡು ತುಂಡಾಗಿಯೇ ಉಳಿದಿತ್ತು, ಅದರ ಎರಡು ಮೂಲೆಗಳ ಸಂದು 0.05ಕ್ಕಿಂತ ದೊಡ್ಡದು. ಇನ್ನೊಂದು, ಯಾವಾಗಲೋ ಕತ್ತರಿಸುವಾಗ ಉಳಿದ 0.4 ಮಿ.ಮೀ. ಚೂರು, ಹೊರ ಅಂಚಿನ ಹತ್ತಿರ ಬಿದ್ದಿತ್ತು. ಆ ಚೂರನ್ನು ಹಾಗೇ ಬಿಟ್ಟಿದ್ದರೆ ಲೇಸರ್ ತಲೆ ಅಲ್ಲಿಗೂ ಹೋಗಿ ಒಂದು ಚುಕ್ಕಿ ಸುಟ್ಟು ಬರುತ್ತಿತ್ತು. ಎರಡನ್ನೂ ಸರಿಮಾಡಿದ ಮೇಲೆ 9 ಬಂತು. ಪ್ರತಿಯೊಂದಕ್ಕೂ `Closed` ಎದುರು `Yes` ಇದೆಯೇ ಎಂದೂ ನೋಡಿಕೊಳ್ಳಬೇಕು. ಎರಡು ತುದಿ ಒಂದೇ ಬಿಂದುವಿನಲ್ಲಿದ್ದೂ `No` ಎಂದು ಕೂತಿರುವ ಪಾಲಿಲೈನ್‌ಗಳಿರುತ್ತವೆ.

ಮುಂದಿನ ಫಲಕದ ಅಕ್ಷರ

ಮುಂದಿನ ಫಲಕದಲ್ಲಿ "ಶುಭಂ" ಎಂದು ತೂತಾಗಿ ಕೊಯ್ಯಬೇಕಿತ್ತು, ಹಿಂದೆ ಬಣ್ಣದ ಕಾಗದ ಅಂಟಿಸಲು. ಇದನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು `Object to Path` ಮಾಡಿದೆ. ಕನ್ನಡ ಅಕ್ಷರಕ್ಕೆ ಇಲ್ಲೊಂದು ವಿಶೇಷ ಕಾಟ ಇದೆ. ಕೊಂಬು, ಒತ್ತು, ದೀರ್ಘದ ಗುರುತು ಇವೆಲ್ಲ ಎಷ್ಟೋ ಫಾಂಟ್‌ಗಳಲ್ಲಿ ಬೇರೆ ಬೇರೆ ಆಕಾರಗಳು. ಮೂಲಾಕ್ಷರದ ಮೇಲೆ ಸ್ವಲ್ಪ ಹತ್ತಿ ಕೂರುತ್ತವೆ. ಬಣ್ಣ ತುಂಬಿದಾಗ ಒಂದೇ ಅಕ್ಷರ. ಗೆರೆ ಮಾತ್ರ ನೋಡಿದರೆ "ಶ"ದ ಬಾಲವೂ ಕೊಂಬಿನ ತಲೆಯೂ ಒಂದರೊಳಗೊಂದು ಹೊಕ್ಕು, ನಡುವೆ ಒಂದು ಸಣ್ಣ ಎಲೆಯಾಕಾರ ಕಾಣುತ್ತದೆ. ಇದು ಡಬಲ್ ಗೆರೆ ಅಲ್ಲ, ಹಾಗಾಗಿ ಯಾವ ಡಬಲ್ ಗೆರೆ ಕಮಾಂಡಿಗೂ ಸಿಗುವುದಿಲ್ಲ. ಲೂಪ್‌ಗಳೂ ಮುಚ್ಚಿಯೇ ಇವೆ. ಆದರೂ ಲೇಸರ್ ಒಂದು ಆಕಾರವನ್ನು ಬೀಳಿಸಿ, ಇನ್ನೊಂದಕ್ಕೆ ಬರುವಾಗ ಆಗಲೇ ಖಾಲಿಯಾದ ಜಾಗದಲ್ಲಿ ಓಡುತ್ತದೆ. ಎಲ್ಲವನ್ನೂ ಹಿಡಿದು `Path > Union` ಕೊಟ್ಟರೆ ಒಳಗಿನ ಗೆರೆಗಳು ಹೋಗಿ ಹೊರ ಅಂಚು ಮಾತ್ರ ಉಳಿಯುತ್ತದೆ. ಆಮೇಲೆ ಬಣ್ಣ ತೆಗೆದು ಗೆರೆಯಷ್ಟನ್ನೇ ನೋಡುವ `Outline` ನೋಟದಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು.

ಸೊನ್ನೆಯದ್ದು ಬೇರೆ ಕತೆ. ಅದು ಉಂಗುರ. ಉಂಗುರ ಕೊಯ್ದರೆ ನಡುವಿನ ಬಿಲ್ಲೆ ಕೆಳಗೆ ಬೀಳುತ್ತದೆ, ಸೊನ್ನೆ ಹೋಗಿ ದುಂಡು ತೂತು ಉಳಿಯುತ್ತದೆ. ಮೇಲೊಂದು ಕೆಳಗೊಂದು 2 ಮಿ.ಮೀ. ಸೇತುವೆ ಇಟ್ಟು ಉಂಗುರವನ್ನು ಎರಡು ಬಿಲ್ಲಿನಾಕಾರ ಮಾಡಿದೆ. ಇಲ್ಲಿ ಕರ್ಫ್ ಸರಿದೂಗಿಸುವ ಗೋಜಿಗೆ ಹೋಗಲಿಲ್ಲ. ಅಕ್ಷರ 0.2 ಮಿ.ಮೀ. ದಪ್ಪವಾದರೆ ಯಾರಿಗೆ ಕಾಣುತ್ತದೆ? ಸೇತುವೆ 2 ಇದ್ದದ್ದು 1.8 ಆಗುತ್ತದೆ, ಎಂಡಿಎಫ್‌ಗೆ ಅಷ್ಟು ಸಾಕು. 1 ಮಿ.ಮೀ. ಇಟ್ಟಿದ್ದರೆ ಉಳಿಯುವ 0.8ನ್ನು ಉಗುರು ತಾಗಿದರೂ ಮುರಿಯಬಹುದಿತ್ತು. ಅಕ್ಷರವನ್ನು ಬೇರೆ ಲೇಯರ್‌ಗೆ ಹಾಕಿ, ಅದನ್ನು ಮೊದಲು ಕೊಯ್ಯಲು ಬರೆದುಕೊಟ್ಟೆ.

ಕರ್ಫ್ ಅಳೆದದ್ದು

ಕರ್ಫ್‌ಗೆ ಪುಸ್ತಕದ ಅಂಕಿ ಹಿಡಿದು ಪ್ರಯೋಜನವಿಲ್ಲ. ಅದೇ ಯಂತ್ರ, ಅದೇ ಶೀಟ್, ಅದೇ ವೇಗ, ಅದೇ ಪವರ್‌ನಲ್ಲಿ ಅಳೆಯಬೇಕು. ಫೋಕಸ್ ಸ್ವಲ್ಪ ತಪ್ಪಿದರೂ ಬದಲಾಗುತ್ತದೆ. ಅಂಗಡಿಯವರದ್ದು 80 ವ್ಯಾಟ್‌ನ ಸಿಒ2 ಯಂತ್ರ. ಶೀಟ್‌ನ ಮೂಲೆಯಲ್ಲಿ ಒಂದು ಪರೀಕ್ಷೆ ಕೊಯ್ಯಲು ಕೇಳಿಕೊಂಡೆ.

100 ಮಿ.ಮೀ. ಉದ್ದ, 20 ಅಗಲದ ಆಯತ, ಅದರೊಳಗೆ 10 ಮಿ.ಮೀ.ಗೊಂದರಂತೆ 9 ಅಡ್ಡ ಗೆರೆ. ಮೊದಲು ಒಳಗಿನ ಗೆರೆಗಳು, ಕೊನೆಗೆ ಹೊರ ಅಂಚು. ಕರ್ಫ್ ಸೆಟ್ಟಿಂಗ್ ಸೊನ್ನೆ. ಹತ್ತು ಬಿಲ್ಲೆಗಳು ಸಿಕ್ಕವು. ಮಸಿ ಒರೆಸಿ, ಅದೇ ಕ್ರಮದಲ್ಲಿ ಒತ್ತಿ ಜೋಡಿಸಿ ವರ್ನಿಯರ್‌ನಲ್ಲಿ ಹಿಡಿದರೆ 98.1 ಬಂತು. 1.9 ಮಿ.ಮೀ. ಹೊಗೆಯಾಗಿ ಹೋಗಿದೆ. ಒಳಗಿನ 9 ಗೆರೆಗಳಿಗೆ 9 ಕರ್ಫ್, ಎರಡು ಕೊನೆಯಲ್ಲಿ ಅರ್ಧರ್ಧ ಸೇರಿ ಇನ್ನೊಂದು, ಒಟ್ಟು 10. ಹಾಗಾಗಿ ಒಂದಕ್ಕೆ 0.19. ಒಂದು ಸಂದನ್ನು ನೇರವಾಗಿ ಅಳೆಯಲು ಹೋದರೆ ವರ್ನಿಯರ್‌ನ ಒಂದು ಗೀಟು ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ. ಹತ್ತನ್ನು ಒಟ್ಟಿಗೆ ಅಳೆದು ಭಾಗಿಸಿದರೆ ಆ ತಪ್ಪೂ ಹತ್ತರಲ್ಲಿ ಒಂದಾಗುತ್ತದೆ. ಯಂತ್ರದ ಇನ್ನೊಂದು ದಿಕ್ಕಿಗೂ ಇಂಥದ್ದೇ ಒಂದು ಪಟ್ಟಿ ಕೊಯ್ಯಿಸಿದೆ. ಹೆಚ್ಚು ಕಡಿಮೆ ಅದೇ ಬಂತು. ಬಾರದಿದ್ದರೆ ಕನ್ನಡಿ, ಲೆನ್ಸ್ ಒರೆಸಿ ನೋಡಬೇಕು.

ಅಂದ ಹಾಗೆ ಈ ಪರೀಕ್ಷೆಯ ಒಳಗಿನ ಗೆರೆಗಳು ಮುಚ್ಚಿದ ಲೂಪ್‌ಗಳಲ್ಲ, ಇರಲೂಬಾರದು. ಹತ್ತು ಮುಚ್ಚಿದ ಆಯತಗಳನ್ನು ಪಕ್ಕಪಕ್ಕ ಇಟ್ಟು ಬರೆದರೆ ಪ್ರತಿ ನಡುಗೆರೆ ಎರಡೆರಡು ಸಲ ಕೊಯ್ದು ಕರ್ಫ್ ಜಾಸ್ತಿ ತೋರಿಸುತ್ತದೆ.

ಈಗ ಲೆಕ್ಕ. ಪ್ರತಿ ಬದಿಗೆ ಅರ್ಧ ಕರ್ಫ್, ಅಂದರೆ 0.095 ಸರಿಸಿದರೆ ಹಲ್ಲೂ 20.00, ಕಚ್ಚೂ 20.00 ಬರುತ್ತದೆ. ಗೋಂದಿಲ್ಲದೆ ಬಿಗಿಯಾಗಿ ಕೂರಬೇಕಾದರೆ ಅದು ಸರಿ. ನಮಗೆ ಫೆವಿಕಾಲ್ ಹಾಕಿ ಕೂರಿಸಬೇಕಿತ್ತು, ಹನ್ನೊಂದು ಹಲ್ಲೂ ಒಟ್ಟಿಗೆ ಹೋಗಬೇಕಿತ್ತು. ಅದಕ್ಕೆ 0.08 ಇಟ್ಟೆ. ಹಲ್ಲು 19.97, ಕಚ್ಚು 20.03. ಒಟ್ಟು 0.06 ಸಡಿಲ, ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಕೂರುವಷ್ಟು.

ಈ 0.08ನ್ನು ಎಲ್ಲಿ ಹಾಕುವುದು? ಡ್ರಾಯಿಂಗ್‌ನಲ್ಲೇ `OFFSET` ಮಾಡಬಹುದು, ಅಥವಾ ಲೈಟ್‌ಬರ್ನ್‌ನ `Kerf Offset`ನಲ್ಲಿ ಹಾಕಬಹುದು. ಒಂದೇ ಕಡೆ ಹಾಕಬೇಕು. ನಾವೂ ಹಾಕಿ ಅಂಗಡಿಯವರೂ ಹಾಕಿದರೆ ಹಲ್ಲು 20.13, ಕಚ್ಚು 19.87. ಒಳಗೆ ಹೋಗುವುದೇ ಇಲ್ಲ, ಹೊಡೆದರೆ ಎಂಡಿಎಫ್ ಪದರ ಸೀಳುತ್ತದೆ. ನಾನು ಡ್ರಾಯಿಂಗನ್ನು ನಿಜ ಅಳತೆಯಲ್ಲೇ ಬಿಟ್ಟು, ಫೈಲ್‌ಗೆ `goodu_2.8mm_no_kerf.dxf` ಎಂದು ಹೆಸರಿಟ್ಟೆ. ಹೆಸರಿನಲ್ಲೇ ಇದ್ದರೆ ವಾಟ್ಸ್ಆ್ಯಪ್ ಮೆಸೇಜ್ ಹುಡುಕುವುದು ಬೇಡ.

ಅಂಗಡಿಯಲ್ಲಿ ಫೈಲ್ ತೆರೆದಾಗ ಮೊದಲು ಫಲಕದ ಅಗಲ 150 ತೋರಿಸುತ್ತದೆಯೇ ನೋಡಿದೆವು. ಇಂಚು ಮಿ.ಮೀ. ಗೊಂದಲ ಅಲ್ಲೇ ಗೊತ್ತಾಗುತ್ತದೆ. ಆಮೇಲೆ `Select Open Shapes` ಕೊಟ್ಟರು, ಏನೂ ಸೆಲೆಕ್ಟ್ ಆಗಲಿಲ್ಲ. ಕರ್ಫ್ ಹಾಕಿ ಪ್ರಿವ್ಯೂನಲ್ಲಿ ತಟ್ಟೆಯ ಒಂದು ಮೂಲೆಯನ್ನು ದೊಡ್ಡದು ಮಾಡಿ ನೋಡಿದೆವು. ಹೊರ ಅಂಚು ಹೊರಗೆ ಸರಿದಿತ್ತು, ಸ್ಲಾಟ್ ಒಳಗೆ ಸರಿದಿತ್ತು. ಇದನ್ನು ನೋಡದೆ ಬಿಡಬಾರದು. ಸ್ಲಾಟ್‌ಗಳು ಹೊರ ಅಂಚಿನ ಲೇಯರ್‌ನಲ್ಲಿಲ್ಲದೆ ಬೇರೆ ಲೇಯರ್‌ನಲ್ಲಿದ್ದರೆ, ಅವು ತೂತು ಎಂದು ಸಾಫ್ಟ್‌ವೇರ್‌ಗೆ ತಿಳಿಯದೆ ಹೊರಗೆ ಸರಿದು ಇನ್ನೂ ದೊಡ್ಡದಾಗುವ ಸಾಧ್ಯತೆ ಇದೆ.

"ಈಗ ಸರಿ ಉಂಟು" ಎಂದು ಅಂಗಡಿಯ ಅಣ್ಣ ಶೀಟ್ ತೆಗೆಯಲು ಹೊರಟರು. ಮೂಲೆಯಲ್ಲಿ ನಿಲ್ಲಿಸಿಟ್ಟ ಶೀಟ್ ಅದು. ಮಳೆಗಾಲ ಪೂರ್ತಿ ಅಲ್ಲೇ ಇತ್ತಂತೆ. ಪರೀಕ್ಷೆ ಕೊಯ್ದ ಶೀಟ್ ಕಪಾಟಿನ ಒಳಗಿನದ್ದು, ನಾಲ್ಕು ಕಡೆಯೂ 2.8. ಇದನ್ನು ವರ್ನಿಯರ್‌ನಲ್ಲಿ ಹಿಡಿದರೆ ನಡುವೆ 2.8, ನೆಲಕ್ಕೆ ತಾಗಿದ ಅಂಚಿನಲ್ಲಿ 3.0. ನಮ್ಮ ಊರಿನ ತೇವಕ್ಕೆ ಎಂಡಿಎಫ್ ಉಬ್ಬುವುದು ಹೀಗೆ, ಅಂಚಿನಿಂದ ಶುರು.

ದಪ್ಪ ಬದಲಾದರೆ ಕರ್ಫ್ ಅಂಕಿ ತಿದ್ದಿ ಸರಿದೂಗಿಸುವ ಆಸೆ ಆಗುತ್ತದೆ. ಹಾಗೆ ಮಾಡಬಾರದು. ಕರ್ಫ್ ಹೆಚ್ಚು ಕಡಿಮೆ ಮಾಡಿದರೆ 20 ಮಿ.ಮೀ. ಹಲ್ಲುಗಳ ಬಿಗಿಯೂ ಬದಲಾಗುತ್ತದೆ. ದಪ್ಪ ಇರುವುದು ಡ್ರಾಯಿಂಗ್‌ನ ಎರಡು ಕಡೆ ಮಾತ್ರ: ತಟ್ಟೆಯ ಸ್ಲಾಟ್‌ನ ಅಗಲ, ಮತ್ತು ಹಲ್ಲು, ಕಿವಿಗಳ ಉದ್ದ. 3.0 ಶೀಟ್ ಆದರೆ ಅವನ್ನು 3.0 ಮಾಡಬೇಕು, ಕರ್ಫ್ 0.08 ಹಾಗೇ ಇರಬೇಕು. ನಮಗೆ ಅದೂ ಬೇಕಾಗಲಿಲ್ಲ. ಉಬ್ಬಿದ ಒಂದು ಗೇಣು ಅಂಚನ್ನು ಬಿಟ್ಟು, ಐದು ತುಂಡುಗಳನ್ನೂ ಶೀಟ್‌ನ ನಡುವಿಗೆ ಸರಿಸಿ, ತುಂಡು ತುಂಡಿನ ನಡುವೆ 3 ಮಿ.ಮೀ. ಜಾಗ ಬಿಟ್ಟು ಕೊಯ್ಯಿಸಿದೆವು. ಕಿವಿಗಳು ತಟ್ಟೆಗೆ ಸುಮ್ನೆ ಒತ್ತಿದರೆ ಹೋದವು, ಬದಿಯ ಹಲ್ಲುಗಳಿಗೆ ಸುತ್ತಿಗೆ ಬೇಕಾಯಿತು.